ಜೆಡಿ ಒಂದು ಕಡೆ, ರೆಸ್ಯೂಮೆ ಇನ್ನೊಂದು ಕಡೆ: ‘ಇಲ್ಲ’ ಎಂದು ಬರೆಯುವ ಮುನ್ನ

ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕುವವರ ರೆಸ್ಯೂಮೆಗಳಲ್ಲಿ ‘ಜಿಎಸ್‌ಟಿ ರಿಟರ್ನ್ ಕೆಲಸ ನೋಡಿಕೊಳ್ಳುತ್ತಿದ್ದೆ’ ಎಂಬರ್ಥದ ಸಾಲೊಂದು ಇದ್ದೇ ಇರುತ್ತದೆ. ಅದನ್ನು ಬರೆದವರು ತಿಂಗಳಿಗೆ ಇಪ್ಪತ್ತು ಗ್ರಾಹಕರ ರಿಟರ್ನ್ ಸ್ವತಃ ಸಲ್ಲಿಸಿದವರಿರಬಹುದು, ಸೀನಿಯರ್ ಕೊಟ್ಟ ಬಿಲ್ಲುಗಳನ್ನು ಟೈಪ್ ಮಾಡಿಕೊಟ್ಟವರೂ ಇರಬಹುದು. ಓದುವವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಕಂಪನಿ ತನ್ನ ಜೆಡಿಯಲ್ಲಿ, ಅಂದರೆ ಕೆಲಸದ ವಿವರಣೆಯಲ್ಲಿ, ಕೇಳಿದ ಪ್ರತಿಯೊಂದು ಅರ್ಹತೆಯನ್ನು ಒಂದು ಕಡೆ, ಅದಕ್ಕೆ ರೆಸ್ಯೂಮೆಯಲ್ಲಿರುವ ಪುರಾವೆಯನ್ನು ಇನ್ನೊಂದು ಕಡೆ ಬರೆದು ನೋಡುವ ಗ್ಯಾಪ್ ಅನಾಲಿಸಿಸ್ ಟೇಬಲ್ ಇಂಥ ಸಾಲುಗಳನ್ನು ಹಿಡಿದುಹಾಕುತ್ತದೆ. ಟೇಬಲ್ ಮಾಡುವುದು ಸುಲಭ, ಒಂದು ಸಂಜೆಯ ಕೆಲಸ. ಕಷ್ಟವಿರುವುದು ‘ಇಲ್ಲ’ ಎಂದು ಗುರುತು ಹಾಕುವಲ್ಲಿ. ಕೈಗೆ ಬರದ ಕೆಲಸವೂ ‘ಇಲ್ಲ’, ಕೈಗೆ ಬಂದರೂ ಬರೆಯದೆ ಬಿಟ್ಟ ಕೆಲಸವೂ ‘ಇಲ್ಲ’ ಎಂದಾದರೆ ಟೇಬಲ್ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದಕ್ಕೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಅರ್ಜಿ ಹಾಕಲು ಹೊರಟಿರುವವರು ದಾವಣಗೆರೆಯ ಯುವತಿ. ಬಿ.ಕಾಂ. ಆದಮೇಲೆ ಅಲ್ಲಿಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ 3 ವರ್ಷ 2 ತಿಂಗಳು ದುಡಿದಿದ್ದಾರೆ. ಕಾರ್ಖಾನೆಯ ಒಳಗೆ ಕೆಲಸ ಮಾಡಿಲ್ಲ. ಜೆಡಿಯಲ್ಲಿರುವುದು ಇಷ್ಟು: ಬಿ.ಕಾಂ., ಉತ್ಪಾದನಾ ಕಂಪನಿಯಲ್ಲಿ 3ರಿಂದ 5 ವರ್ಷದ ಅನುಭವ. ಟ್ಯಾಲಿಪ್ರೈಮ್ ಮತ್ತು ಎಕ್ಸೆಲ್‌ನಲ್ಲಿ ಹಿಡಿತ. ಜಿಎಸ್‌ಟಿ ರಿಟರ್ನ್ ಸಲ್ಲಿಕೆ ಮತ್ತು ಜಿಎಸ್‌ಟಿಆರ್-2ಬಿ ಜೊತೆ ತಾಳೆ. ಟಿಡಿಎಸ್ ಪಾವತಿ ಮತ್ತು ತ್ರೈಮಾಸಿಕ ರಿಟರ್ನ್. ಇ-ಇನ್‌ವಾಯ್ಸ್, ಇ-ವೇ ಬಿಲ್. ಜಾಬ್ ವರ್ಕ್ ಲೆಕ್ಕ. ತಿಂಗಳ ಕೊನೆಯ ಕ್ಲೋಸಿಂಗ್, ಸ್ಟಾಕ್ ಮೌಲ್ಯಮಾಪನಕ್ಕೆ ನೆರವು. ಸ್ಯಾಪ್ ತಂತ್ರಾಂಶ ಗೊತ್ತಿದ್ದರೆ ಒಳ್ಳೆಯದು.

ಮೊದಲು ಜೆಡಿಯನ್ನು ಬಿಡಿಸಿ

ಕೆಲಸದ ಜಾಹೀರಾತು ಯಾವಾಗ ಬೇಕಾದರೂ ಮಾಯವಾಗಬಹುದು. ಹಾಗಾಗಿ ಅದರ ಪೂರ್ತಿ ಪಠ್ಯವನ್ನು ಒಂದು ಫೈಲಿಗೆ ಕಾಪಿ ಮಾಡಿಟ್ಟುಕೊಳ್ಳಿ. ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ಮೂಲ ಪುಟ ಇಲ್ಲದೆ ಪರದಾಡುವವರು ಬಹಳ.

ಆಮೇಲೆ ಒಂದು ಸಾಲಿಗೆ ಒಂದೇ ಬೇಡಿಕೆ ಬರುವಂತೆ ಬಿಡಿಸಬೇಕು. ‘ಉತ್ಪಾದನಾ ಕಂಪನಿಯಲ್ಲಿ 3ರಿಂದ 5 ವರ್ಷದ ಅನುಭವ’ ಎಂಬುದು ನೋಡಲು ಒಂದು, ಒಳಗೆ ಎರಡು: ವರ್ಷಗಳು ಬೇರೆ, ಉದ್ಯಮ ಬೇರೆ. ನಮ್ಮ ಅರ್ಜಿದಾರರಿಗೆ ಮೊದಲನೆಯದು ಇದೆ, ಎರಡನೆಯದು ನೇರವಾಗಿ ಇಲ್ಲ. ಒಟ್ಟಿಗೇ ಬಿಟ್ಟರೆ ಆ ದಿನದ ಮನಸ್ಥಿತಿಗೆ ತಕ್ಕಂತೆ ‘ಇದೆ’ ಎಂದೋ ‘ಇಲ್ಲ’ ಎಂದೋ ಬರೆದುಬಿಡುತ್ತೇವೆ, ಎರಡೂ ತಪ್ಪು. ಜಿಎಸ್‌ಟಿ ಸಾಲೂ ಹಾಗೆಯೇ. ರಿಟರ್ನ್ ಸಲ್ಲಿಸುವುದು ಒಂದು ಕೆಲಸ, ಜಿಎಸ್‌ಟಿ ಪೋರ್ಟಲ್ ಕೊಡುವ 2ಬಿ ಪಟ್ಟಿಯ ಜೊತೆ ಖರೀದಿ ಪುಸ್ತಕವನ್ನು ತಾಳೆ ನೋಡುವುದು ಬೇರೆಯೇ ಕೆಲಸ.

ಹಾಗೆಂದು ಹುಡಿಹುಡಿ ಮಾಡಲೂ ಬಾರದು. ಒಂದು ಪುಟದ ಜೆಡಿಗೆ 12ರಿಂದ 18 ಸಾಲು ಸಾಕು. ‘ಒಳ್ಳೆಯ ಸಂವಹನ’, ‘ತಂಡದಲ್ಲಿ ಬೆರೆಯುವ ಗುಣ’ ಇಂಥವುಗಳಿಗೆ ಪ್ರತ್ಯೇಕ ಸಾಲು ಕೊಟ್ಟರೆ ಟೇಬಲ್ ಉದ್ದವಾಗುತ್ತದೆ ಅಷ್ಟೆ. ಅವುಗಳಿಗೆ ಕಾಗದದ ಮೇಲೆ ಪುರಾವೆ ತೋರಿಸುವುದು ಕಷ್ಟ, ಯಾರೂ ಅದನ್ನು ಹುಡುಕುವುದೂ ಇಲ್ಲ.

ಪ್ರತಿ ಸಾಲಿಗೂ ಒಂದು ತೂಕ ಕೊಡಿ: ‘ಬೇಕೇಬೇಕು’ ಅಥವಾ ‘ಇದ್ದರೆ ಒಳ್ಳೆಯದು’. ಜೆಡಿಯೇ ಹಲವು ಕಡೆ ಇದನ್ನು ಹೇಳಿರುತ್ತದೆ. ಹೇಳದ ಕಡೆ ಕರ್ತವ್ಯಗಳ ಪಟ್ಟಿ ನೋಡಿ. ಅರ್ಹತೆಯ ಪಟ್ಟಿಯಲ್ಲಿ ಒಮ್ಮೆ, ಕರ್ತವ್ಯಗಳ ಪಟ್ಟಿಯಲ್ಲಿ ಇನ್ನೊಮ್ಮೆ ಬಂದದ್ದು ದಿನನಿತ್ಯದ ಕೆಲಸ. ಅದು ಬೇಕೇಬೇಕು. ಅರ್ಹತೆಯಲ್ಲಿ ಮಾತ್ರ ಕಾಣಿಸಿ ಕರ್ತವ್ಯದಲ್ಲಿ ಸುಳಿವೇ ಇಲ್ಲದ ತಂತ್ರಾಂಶದ ಹೆಸರು ಬಹುಮಟ್ಟಿಗೆ ಹಳೆಯ ಜೆಡಿಯಿಂದ ಎತ್ತಿ ಹಾಕಿದ್ದು.

ಪುರಾವೆಯ ಕಾಲಂ: ನೆನಪಿನಿಂದ ತುಂಬಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. ‘ಎಕ್ಸೆಲ್’ ಎಂಬ ಬೇಡಿಕೆ ಓದಿದ ತಕ್ಷಣ ಮನಸ್ಸು ‘ಮೂರು ವರ್ಷದಿಂದ ಅದರಲ್ಲೇ ಇದ್ದೇನಲ್ಲ’ ಅನ್ನುತ್ತದೆ, ಕೈ ‘ಇದೆ’ ಎಂದು ಬರೆಯುತ್ತದೆ. ರೆಸ್ಯೂಮೆಯಲ್ಲಿ ಇರುವುದು ‘ಎಂಎಸ್ ಆಫೀಸ್ ಜ್ಞಾನ’ ಎಂಬ ಎರಡೂವರೆ ಪದ ಮಾತ್ರ. ಕಂಪನಿಯವರು ಓದುವುದು ಆ ಎರಡೂವರೆ ಪದವನ್ನು.

ಅದಕ್ಕೆ ನಿಯಮ ಒಂದೇ: ಪುರಾವೆಯ ಕಾಲಂಗೆ ರೆಸ್ಯೂಮೆಯ ಸಾಲನ್ನು ಇದ್ದದ್ದು ಇದ್ದಂತೆಯೇ ಕಾಪಿ ಮಾಡಬೇಕು. ಸಾಲು ಸಿಗದಿದ್ದರೆ ಖಾಲಿ ಬಿಡಬೇಕು. ಈ ಕಾಲಂ ಅನ್ನು ಬೇರೆಯವರಿಂದ ತುಂಬಿಸಿದರೆ ಇನ್ನೂ ವಾಸಿ. ಅಕ್ಕನೋ ಗೆಳೆಯನೋ, ನಿಮ್ಮ ಕೆಲಸದ ಗಂಧಗಾಳಿ ಇಲ್ಲದವರೇ ಆದರೂ ಸರಿ, ಅವರ ಕೈಗೆ ಜೆಡಿಯ ಪಟ್ಟಿ ಮತ್ತು ರೆಸ್ಯೂಮೆ ಕೊಟ್ಟು ‘ಇದಕ್ಕೆ ಹೊಂದುವ ಸಾಲು ಎಲ್ಲಿದೆ ತೋರಿಸಿ’ ಎನ್ನಿ. ಅವರಿಗೆ ಕಾಣದ್ದು, ದಿನಕ್ಕೆ ನೂರಾರು ರೆಸ್ಯೂಮೆ ಸರಿಸುವ ಎಚ್‌ಆರ್‌ಗೂ ಕಾಣುವುದಿಲ್ಲ.

ಕೌಶಲಗಳ ಪಟ್ಟಿಯಲ್ಲಿರುವ ಹೆಸರು ಪುರಾವೆಯಾಗುವುದಿಲ್ಲ. ಅದು ನಮ್ಮ ಹೇಳಿಕೆ ಮಾತ್ರ. ಯಾವ ಕೆಲಸದಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನಕ್ಕೊಮ್ಮೆ ಬಳಸಿದ್ದೀರಿ ಎಂಬುದು ಅನುಭವದ ಭಾಗದಲ್ಲಿ ಇದ್ದರೆ ಅದು ಪುರಾವೆ. ಕೌಶಲಗಳ ಪಟ್ಟಿ ಬೇಡವೆಂದಲ್ಲ. ಜಾಬ್ ಪೋರ್ಟಲ್‌ಗಳಲ್ಲಿ ಕಂಪನಿಗಳು ಪದ ಹಾಕಿ ಹುಡುಕುತ್ತವೆ, ಆ ಪದ ರೆಸ್ಯೂಮೆಯಲ್ಲಿ ಎಲ್ಲೋ ಒಂದು ಕಡೆ ಇರಲೇಬೇಕು. ಜೆಡಿಯಲ್ಲಿ ಕಂಡ ಕಾಗುಣಿತವನ್ನೇ ಬಳಸುವುದು ಜಾಣತನ: ಅವರು `TallyPrime` ಎಂದು ಬರೆದಿದ್ದರೆ ನೀವೂ ಹಾಗೇ ಬರೆಯಿರಿ.

ನಾಲ್ಕು ಗುರುತು

‘ಇದೆ’, ‘ಇಲ್ಲ’ ಎರಡೇ ಇಟ್ಟುಕೊಂಡರೆ ಟೇಬಲ್‌ನಿಂದ ಏನೂ ಹೊರಡುವುದಿಲ್ಲ. ನಾಲ್ಕು ಬೇಕು, ಏಕೆಂದರೆ ನಾಲ್ಕಕ್ಕೂ ಮದ್ದು ಬೇರೆಬೇರೆ.

‘ಇದೆ’ ಎಂದರೆ ಸಾಲು ಇದೆ, ಅದನ್ನು ಓದಿದವರಿಗೆ ಮತ್ತೆ ಕೇಳಬೇಕೆನಿಸುವುದಿಲ್ಲ. ‘ಬರೆದಿಲ್ಲ’ ಎಂದರೆ ಕೆಲಸ ಮಾಡಿದ್ದೀರಿ, ರೆಸ್ಯೂಮೆಯಲ್ಲಿ ಕಾಣುವುದಿಲ್ಲ, ಅಥವಾ ಕಂಡೂ ಕಾಣದಷ್ಟು ತೆಳುವಾಗಿದೆ. ‘ಅರೆ’ ಎಂದರೆ ಅದೇ ಕೆಲಸವಲ್ಲ, ಅದರ ನೆರೆಯ ಕೆಲಸ ಮಾಡಿದ್ದೀರಿ. ‘ಇಲ್ಲ’ ಎಂದರೆ ನಿಜಕ್ಕೂ ಇಲ್ಲ.

‘ಬರೆದಿಲ್ಲ’ಕ್ಕೆ ಮದ್ದು ಹತ್ತು ನಿಮಿಷದ ಬರವಣಿಗೆ. ‘ಅರೆ’ಗೆ ಆ ನೆರೆಯ ಕೆಲಸವನ್ನು ಅದರ ಹೆಸರಿನಿಂದಲೇ ಹೇಳುವ ಒಂದು ಪ್ರಾಮಾಣಿಕ ಸಾಲು. ‘ಇಲ್ಲ’ಕ್ಕೆ ಬರವಣಿಗೆಯಲ್ಲಿ ಮದ್ದಿಲ್ಲ. ಈ ಮೂರನ್ನು ಕಲಸಿದವರು ಇಲ್ಲದ್ದನ್ನು ಬರೆಯುತ್ತಾರೆ, ಇರುವುದನ್ನು ಕಲಿಯಲು ಕೋರ್ಸಿಗೆ ದುಡ್ಡು ಕಟ್ಟುತ್ತಾರೆ.

ನಮ್ಮ ಅರ್ಜಿದಾರರ ಟೇಬಲ್‌ನ ಮುಖ್ಯ ಸಾಲುಗಳು ಹೀಗೆ ಬರುತ್ತವೆ:

| ಬೇಡಿಕೆ | ತೂಕ | ರೆಸ್ಯೂಮೆಯಲ್ಲಿರುವ ಸಾಲು | ಗುರುತು | ಮುಂದಿನ ಕೆಲಸ |
|---|---|---|---|---|
| 3ರಿಂದ 5 ವರ್ಷ ಅನುಭವ | ಬೇಕೇಬೇಕು | ಸೇರಿದ ತಿಂಗಳು, ಬಿಟ್ಟ ತಿಂಗಳು | ಇದೆ | ಏನೂ ಬೇಡ |
| ಉತ್ಪಾದನಾ ಉದ್ಯಮ | ಬೇಕೇಬೇಕು | (ಖಾಲಿ) | ಅರೆ | ಕಾರ್ಖಾನೆ ಗ್ರಾಹಕರ ಕೆಲಸ ಬರೆಯುವುದು |
| ಜಿಎಸ್‌ಟಿ ರಿಟರ್ನ್ ಸಲ್ಲಿಕೆ | ಬೇಕೇಬೇಕು | ಜಿಎಸ್‌ಟಿ ರಿಟರ್ನ್ ಕೆಲಸ ನಿರ್ವಹಣೆ | ಬರೆದಿಲ್ಲ | ಯಾವ ರಿಟರ್ನ್, ಎಷ್ಟು ಗ್ರಾಹಕರು |
| 2ಬಿ ಜೊತೆ ತಾಳೆ | ಬೇಕೇಬೇಕು | (ಖಾಲಿ) | ಬರೆದಿಲ್ಲ | ಹೊಸ ಸಾಲು |
| ಎಕ್ಸೆಲ್ | ಬೇಕೇಬೇಕು | ಎಂಎಸ್ ಆಫೀಸ್ ಜ್ಞಾನ | ಬರೆದಿಲ್ಲ | ತಾಳೆಯ ಸಾಲಿನಲ್ಲೇ ಸೇರಿಸುವುದು |
| ಜಾಬ್ ವರ್ಕ್ ಲೆಕ್ಕ | ಬೇಕೇಬೇಕು | (ಖಾಲಿ) | ಅರೆ | ಐಟಿಸಿ-04 ನಮೂನೆ ತುಂಬಿದ್ದನ್ನು ಬರೆಯುವುದು |
| ತಿಂಗಳ ಕ್ಲೋಸಿಂಗ್ | ಬೇಕೇಬೇಕು | (ಖಾಲಿ) | ಅರೆ | ಬಿಡಿಸಿ ನೋಡುವುದು |
| ಸ್ಟಾಕ್ ಮೌಲ್ಯಮಾಪನ | ಬೇಕೇಬೇಕು | (ಖಾಲಿ) | ಇಲ್ಲ | ಕಲಿಯುವುದು |
| ಸ್ಯಾಪ್ | ಇದ್ದರೆ ಒಳ್ಳೆಯದು | (ಖಾಲಿ) | ಇಲ್ಲ | ಬಿಡುವುದು |

ಐದು ಸಾಲುಗಳಲ್ಲಿ ಪುರಾವೆ ಪೂರ್ತಿ ಖಾಲಿ, ಎರಡರಲ್ಲಿ ಇದ್ದೂ ಇಲ್ಲದಂತಿದೆ, ಸ್ಯಾಪ್‌ನದು ಹೇಗೂ ಖಾಲಿ. ಮೊದಲ ನೋಟಕ್ಕೆ ಎದೆ ಧಸಕ್ ಎನ್ನುತ್ತದೆ. ಗುರುತುಗಳನ್ನು ಓದಿದರೆ ಕಥೆ ಬೇರೆ: ಬೇಕೇಬೇಕು ಎಂದಿರುವುದರಲ್ಲಿ ನಿಜವಾದ ‘ಇಲ್ಲ’ ಒಂದೇ.

ಒಂದು ಸಾಲನ್ನು ಹತ್ತಿರದಿಂದ

2ಬಿ ತಾಳೆಯ ಸಾಲನ್ನೇ ತೆಗೆದುಕೊಳ್ಳಿ. ಸರಕು ಕೊಟ್ಟವರು ತಮ್ಮ ಮಾರಾಟವನ್ನು ಜಿಎಸ್‌ಟಿಆರ್-1ರಲ್ಲಿ ತೋರಿಸಿದರೆ ಅದು ಮರುತಿಂಗಳ 14ರಂದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಬರುತ್ತದೆ. ಕೊಂಡವರು 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ನಡುವೆ ಇರುವುದು ಆರೇ ದಿನ. ಆ ಆರು ದಿನದಲ್ಲಿ ಖರೀದಿ ಪುಸ್ತಕದ ಪ್ರತಿ ಬಿಲ್ಲನ್ನೂ 2ಬಿ ಜೊತೆ ಹೋಲಿಸಿ, ಬಾರದ ಬಿಲ್ಲಿನ ಮಾಲೀಕರಿಗೆ ಫೋನ್ ಮಾಡಿ ಎಬ್ಬಿಸಬೇಕು. ಖರೀದಿಯ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ಎಷ್ಟು ಸಿಗುತ್ತದೆ, ಕೈಯಿಂದ ಎಷ್ಟು ಕಟ್ಟಬೇಕು ಎಂಬುದು ಇದರ ಮೇಲೆ ನಿಂತಿದೆ. ಕಾರ್ಖಾನೆಯವರು ಈ ಕೆಲಸವನ್ನು ಜೆಡಿಯಲ್ಲಿ ಹೆಸರಿಟ್ಟು ಕೇಳಿದ್ದು ಅದಕ್ಕೇ.

ನಮ್ಮ ಅರ್ಜಿದಾರರು ಪ್ರತಿ ತಿಂಗಳೂ ಇದನ್ನು ಮಾಡಿದ್ದಾರೆ. ಅವರ ಬಳಿ 22 ಗ್ರಾಹಕರು, ಅದರಲ್ಲಿ 14 ಮಂದಿಯದು ತಿಂಗಳ ರಿಟರ್ನ್, 8 ಮಂದಿಯದು ಮೂರು ತಿಂಗಳಿಗೊಮ್ಮೆ. ಎಕ್ಸೆಲ್‌ನಲ್ಲಿ ಜಿಎಸ್‌ಟಿಐಎನ್ ಮತ್ತು ಬಿಲ್ ನಂಬರ್ ಎರಡನ್ನೂ ಜೋಡಿಸಿ, ವಿಲುಕಪ್ ಹಾಕಿ ಹೋಲಿಸುತ್ತಿದ್ದರು. ಪುಸ್ತಕದಲ್ಲಿ ‘47’, 2ಬಿಯಲ್ಲಿ ‘047’ ಎಂದಿದ್ದರೆ ಸೂತ್ರ ‘ಸಿಗಲಿಲ್ಲ’ ಎನ್ನುತ್ತದೆ. ಹಾಗಾಗಿ ಮೊದಲು ನಂಬರುಗಳ ಮುಂದಿನ ಸೊನ್ನೆ, ಗೆರೆ, ಖಾಲಿ ಜಾಗ ತೆಗೆಯುವುದು ಅವರಿಗೆ ರೂಢಿ. ಇದನ್ನು ಯಾರೂ ಪುಸ್ತಕ ಓದಿ ಹೇಳಲಾರರು. ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ವಿಷಯ ಇದು, ಅದೇ ಅತಿ ಗಟ್ಟಿಯಾದ ಪುರಾವೆ. ರೆಸ್ಯೂಮೆಯಲ್ಲಿ ಇದರ ಒಂದಕ್ಷರವೂ ಇಲ್ಲ.

ರೆಸ್ಯೂಮೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ತಿದ್ದಿದ ಸಾಲಿನ ಅರ್ಥ ಹೀಗಿರಬೇಕು: ‘22 ಗ್ರಾಹಕರ ಜಿಎಸ್‌ಟಿಆರ್-1 ಮತ್ತು 3ಬಿ ತಯಾರಿಸಿ ಸಲ್ಲಿಸಿದ್ದೇನೆ (14 ತಿಂಗಳಿನವು, 8 ತ್ರೈಮಾಸಿಕ). ಖರೀದಿ ಪುಸ್ತಕವನ್ನು ಎಕ್ಸೆಲ್‌ನಲ್ಲಿ 2ಬಿ ಜೊತೆ ತಾಳೆ ನೋಡಿ, ಬಾರದ ಬಿಲ್ಲುಗಳನ್ನು ಪೂರೈಕೆದಾರರಿಂದ ಸರಿಪಡಿಸಿಸಿದ್ದೇನೆ.’ ಎರಡು ವಾಕ್ಯಕ್ಕೆ ಟೇಬಲ್‌ನ ಮೂರು ಸಾಲು ‘ಇದೆ’ ಆದವು: ಸಲ್ಲಿಕೆ, ತಾಳೆ, ಎಕ್ಸೆಲ್. ಒಂದು ಸಾಲು ಎರಡು ಮೂರು ಬೇಡಿಕೆಗೆ ಪುರಾವೆಯಾಗುವುದು ಸರಿಯೇ. ಐದಾರಕ್ಕೆ ಆ ಒಂದೇ ಸಾಲನ್ನು ತೋರಿಸುತ್ತಿದ್ದರೆ ಮಾತ್ರ ಅದು ತೀರಾ ಪೊಳ್ಳಾಗಿದೆ ಎಂದು ತಿಳಿಯಿರಿ.

‘ಅರೆ’ಯ ಬೆಲೆ

ಟೇಬಲ್‌ನಲ್ಲಿ ನಾವು ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. ಉತ್ಪಾದನಾ ಕಂಪನಿಯ ಅನುಭವ ಇಲ್ಲ ಎಂದು ಬಿಟ್ಟುಬಿಡುವುದಾದರೆ ಅರ್ಜಿಯೇ ಬೇಡ. ಆ 22 ಗ್ರಾಹಕರಲ್ಲಿ ಯಾರು ಯಾರಿದ್ದರು ಎಂದು ಕೇಳಿ. ಮೂವರು ಸಣ್ಣ ಕಾರ್ಖಾನೆಯವರು. ಅವರಲ್ಲಿ ಒಬ್ಬರು ಭಾಗಗಳನ್ನು ಲೇಪನಕ್ಕೆ ಹೊರಗೆ ಕಳಿಸುತ್ತಿದ್ದರು. ಹಾಗೆ ಜಾಬ್ ವರ್ಕ್‌ಗೆ ಹೋದ ಕಚ್ಚಾವಸ್ತು ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕವಾಗಿ ತೆರಿಗೆ ಬೀಳುತ್ತದೆ. ಚಲನ್‌ಗಳನ್ನು ನೋಡಿ ಈ ಲೆಕ್ಕವನ್ನು ಐಟಿಸಿ-04 ನಮೂನೆಯಲ್ಲಿ ತುಂಬಬೇಕು. ಅದನ್ನು ನಮ್ಮ ಅರ್ಜಿದಾರರೇ ತುಂಬಿದ್ದಾರೆ. ಗೇಟಿನಲ್ಲಿ ನಿಂತು ಚಲನ್ ಬರೆದಿಲ್ಲ, ನಿಜ. ಆದರೆ ಪೀಣ್ಯದಂಥ ಕಡೆ, ಒಂದು ಶೆಡ್ಡಿನಲ್ಲಿ ಕಡೆದದ್ದು ಇನ್ನೊಂದು ಶೆಡ್ಡಿಗೆ ಶಾಖಸಂಸ್ಕಾರಕ್ಕೋ ಲೇಪನಕ್ಕೋ ಹೋಗುವ ಜಾಗದಲ್ಲಿ, ಐಟಿಸಿ-04 ಎಂಬ ಹೆಸರು ಕಂಡರೆ ಅಕೌಂಟ್ಸ್ ಮ್ಯಾನೇಜರ್ ಕಣ್ಣು ಅಲ್ಲಿ ನಿಲ್ಲುತ್ತದೆ.

ತಿಂಗಳ ಕ್ಲೋಸಿಂಗ್‌ಗೆ ‘ಅರೆ’ ಎಂದಿದ್ದೇಕೆ? ಅದೂ ಒಂದು ಕೆಲಸವಲ್ಲ, ಕೆಲಸಗಳ ಗೊಂಚಲು. ಬ್ಯಾಂಕ್ ತಾಳೆ, ಬಾಕಿ ಖರ್ಚುಗಳ ನಮೂದು, ಸವಕಳಿ, ಪೂರೈಕೆದಾರರ ಖಾತೆ ತಾಳೆ, ಸ್ಟಾಕ್. ಸಲಹೆಗಾರರ ಕಚೇರಿಯಲ್ಲಿ ಬ್ಯಾಂಕ್ ತಾಳೆ ತಿಂಗಳಿಗೊಮ್ಮೆ ನಡೆದಿದೆ. ಬಾಕಿ ಖರ್ಚು, ಸವಕಳಿ ವರ್ಷಕ್ಕೊಮ್ಮೆ, ಲೆಕ್ಕ ಮುಗಿಸುವಾಗ. ಅಂದರೆ ಮಾಡುವ ವಿಧಾನ ಗೊತ್ತಿದೆ, ಆ ವೇಗ ಗೊತ್ತಿಲ್ಲ. ರೆಸ್ಯೂಮೆಯಲ್ಲಿ ‘ವರ್ಷಾಂತ್ಯದ ಲೆಕ್ಕ ಮುಕ್ತಾಯದಲ್ಲಿ ಸವಕಳಿ, ಬಾಕಿ ಖರ್ಚುಗಳ ನಮೂದು, ಪ್ರತಿ ತಿಂಗಳು ಬ್ಯಾಂಕ್ ತಾಳೆ’ ಎಂದು ಬರೆದರೆ ಸುಳ್ಳಿಲ್ಲ, ಕಡಿಮೆಯೂ ಇಲ್ಲ. ಅದನ್ನೇ ‘ತಿಂಗಳ ಕ್ಲೋಸಿಂಗ್ ಅನುಭವ’ ಎಂದು ಬರೆದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ: ‘ಎಷ್ಟನೇ ತಾರೀಖಿಗೆ ಪುಸ್ತಕ ಮುಚ್ಚುತ್ತಿದ್ದಿರಿ?’

ಇ-ಇನ್‌ವಾಯ್ಸ್ ವಿಷಯವೂ ಇದೇ ಜಾತಿ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನವರಿಗೆ ಅದು ಕಡ್ಡಾಯ. ಸಣ್ಣ ಗ್ರಾಹಕರೇ ಹೆಚ್ಚಿರುವ ಕಚೇರಿಯಲ್ಲಿ ಅದನ್ನು ಒಬ್ಬಿಬ್ಬರಿಗೆ ಮಾಡಿರಬಹುದು ಅಷ್ಟೆ. ಎಷ್ಟು ಮಂದಿಗೋ ಅಷ್ಟನ್ನೇ ಬರೆಯಬೇಕು.

ಎಲ್ಲಿ ಕೆಡುತ್ತದೆ

ಟೇಬಲ್ ತುಂಬ ‘ಇದೆ’ ಕಾಣಬೇಕೆಂಬ ಆಸೆಯಿಂದ ಜೆಡಿಯ ಪದಗಳನ್ನೇ ಎತ್ತಿ ರೆಸ್ಯೂಮೆಗೆ ಅಂಟಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆಗ ಎರಡು ಕಾಲಂಗಳೂ ಒಂದಕ್ಕೊಂದು ಕನ್ನಡಿಯಾಗುತ್ತವೆ, ಪುರಾವೆ ಎಂಬುದೇ ಉಳಿಯುವುದಿಲ್ಲ. ಕಂಡುಹಿಡಿಯುವುದು ಸುಲಭ: ಪುರಾವೆಯ ಸಾಲಿನಲ್ಲಿ ಜೆಡಿಯಲ್ಲಿಲ್ಲದ ಒಂದಾದರೂ ವಿವರ ಇದೆಯೇ ನೋಡಿ. ಒಂದು ಸಂಖ್ಯೆ, ಒಂದು ನಮೂನೆಯ ಹೆಸರು, ಒಂದು ಅವಧಿ. ಇಲ್ಲದಿದ್ದರೆ ಗುರುತನ್ನು ‘ಬರೆದಿಲ್ಲ’ಕ್ಕೆ ಇಳಿಸಿ. ಆ ಸಾಲಿನ ಮೇಲೆ ಐದು ನಿಮಿಷ ಪ್ರಶ್ನೆ ಕೇಳಿದರೆ ನಿಂತು ಉತ್ತರಿಸಲು ಆಗದಿದ್ದರೆ ‘ಇಲ್ಲ’ಕ್ಕೆ ಇಳಿಸಿ.

ಎರಡನೆಯದು ಶೇಕಡಾವಾರು. ಒಂಬತ್ತರಲ್ಲಿ ಏಳು ಇದೆ, 78 ಪರ್ಸೆಂಟ್ ಹೊಂದುತ್ತದೆ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಬಿಟ್ಟುಹೋದ ಎರಡರಲ್ಲಿ ಒಂದು ಬೇಕೇಬೇಕಾದದ್ದಾಗಿದ್ದರೆ ಉಳಿದ ಏಳು ಅದನ್ನು ತುಂಬಿಕೊಡುವುದಿಲ್ಲ. ಎಣಿಸಬೇಕಾದ್ದು ಒಂದೇ ಅಂಕಿ: ‘ಬೇಕೇಬೇಕು’ ಮತ್ತು ‘ಇಲ್ಲ’ ಎರಡೂ ಒಟ್ಟಿಗೆ ಬಿದ್ದಿರುವ ಸಾಲುಗಳೆಷ್ಟು. ತೂಕ B ಕಾಲಂನಲ್ಲಿ, ಗುರುತು D ಕಾಲಂನಲ್ಲಿ ಇದ್ದರೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ:

```
=COUNTIFS(B2:B20,"ಬೇಕೇಬೇಕು",D2:D20,"ಇಲ್ಲ")
```

ಪದಗಳ ಕೊನೆಯಲ್ಲಿ ಖಾಲಿ ಜಾಗ ಸೇರಿದ್ದರೆ ಎಣಿಕೆ ತಪ್ಪುತ್ತದೆ, ಆದ್ದರಿಂದ ಗುರುತುಗಳನ್ನು ಟೈಪ್ ಮಾಡುವ ಬದಲು ಡ್ರಾಪ್‌ಡೌನ್ ಪಟ್ಟಿಯಿಂದ ಆರಿಸುವಂತೆ ಮಾಡಿಕೊಳ್ಳಿ. ಉತ್ತರ 0 ಅಥವಾ 1 ಬಂದರೆ ಅರ್ಜಿ ಹಾಕಿ. 2 ಬಂದರೆ ಆ ಎರಡು ಯಾವುವು ಎಂಬುದರ ಮೇಲೆ ನಿರ್ಧಾರ. 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಸಂಜೆಯನ್ನು ಇನ್ನೊಂದು ಜೆಡಿಗೆ ಕೊಡುವುದೇ ಲಾಭ. ಇದು ನಿಯಮವಲ್ಲ, ಬಳಸಿ ನೋಡಬಹುದಾದ ಅಂದಾಜು.

ಇನ್ನು ಅರ್ಜಿಯ ಜೊತೆ ಕೇಳುವ ಪ್ರಶ್ನೆಗಳು: ನೋಟಿಸ್ ಅವಧಿ ಎಷ್ಟು, ಪೀಣ್ಯಕ್ಕೆ ಬರಲು ಒಪ್ಪಿಗೆಯೇ, ಅನುಭವ ಎಷ್ಟು ವರ್ಷ. ಇವನ್ನು ಟೇಬಲ್‌ನ ತುದಿಯಲ್ಲಿ ಸೇರಿಸಲು ಮರೆಯುವವರು ಹೆಚ್ಚು. ರೆಸ್ಯೂಮೆ ತೆರೆಯುವ ಮೊದಲೇ ಅರ್ಜಿಗಳನ್ನು ಸೋಸುವುದು ಹಲವು ಕಡೆ ಈ ಉತ್ತರಗಳ ಆಧಾರದ ಮೇಲೆ. ಜೆಡಿ ತನ್ನೊಳಗೇ ಜಗಳವಾಡುತ್ತಿದ್ದರೆ, ಉದಾಹರಣೆಗೆ ಮೇಲೆ ‘3 ವರ್ಷ’, ಕೆಳಗೆ ‘ಹೊಸಬರೂ ಆಗಬಹುದು’ ಎಂದಿದ್ದರೆ, ಊಹಿಸಬೇಡಿ. ಎಚ್‌ಆರ್‌ಗೆ ಒಂದು ಸಾಲಿನ ಇ-ಮೇಲ್ ಹಾಕಿ ಕೇಳಿ.

ಉಳಿದ ಒಂದು ‘ಇಲ್ಲ’

ನಮ್ಮ ಟೇಬಲ್‌ನಲ್ಲಿ ಸ್ಯಾಪ್ ‘ಇದ್ದರೆ ಒಳ್ಳೆಯದು’. ಎರಡು ವಾರದ ಕೋರ್ಸ್ ಮಾಡಿದರೂ ಅದು ‘ಇದೆ’ ಆಗುವುದಿಲ್ಲ, ಬಿಡುವುದೇ ಸರಿ. ಉಳಿದದ್ದು ಸ್ಟಾಕ್ ಮೌಲ್ಯಮಾಪನ. ಜೆಡಿ ಕೇಳಿರುವುದು ‘ನೆರವು’ ಮಾತ್ರ ಎಂಬುದನ್ನು ಗಮನಿಸಿ. ಹಾಗಾಗಿ ತಿಳಿದಿರಬೇಕಾದ್ದು ಇಷ್ಟು: ದಾಸ್ತಾನನ್ನು ತಗುಲಿದ ವೆಚ್ಚ ಅಥವಾ ಮಾರಿದರೆ ನಿವ್ವಳ ಸಿಗುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಲೆಕ್ಕ ಹಿಡಿಯಬೇಕು, ವೆಚ್ಚವನ್ನು ಮೊದಲು ಬಂದದ್ದು ಮೊದಲು ಹೋಯಿತು ಎಂದೋ ತೂಕದ ಸರಾಸರಿಯಿಂದಲೋ ಲೆಕ್ಕಹಾಕಬೇಕು, ಅರ್ಧ ತಯಾರಾದ ಮಾಲಿಗೆ ಅಲ್ಲಿಯವರೆಗಿನ ಕೂಲಿ ಮತ್ತು ಕಾರ್ಖಾನೆ ಖರ್ಚಿನ ಪಾಲೂ ಸೇರಬೇಕು.

ಇದನ್ನು ಕೈಯಿಂದ ಮಾಡಿ ನೋಡಲು ಟ್ಯಾಲಿಪ್ರೈಮ್‌ನ ಉಚಿತ ಎಜುಕೇಶನಲ್ ಮೋಡ್ ಸಾಕು. ಅದರಲ್ಲಿ ತಿಂಗಳ ಕೆಲವೇ ತಾರೀಖುಗಳಿಗೆ ವೋಚರ್ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅದರಿಂದ ತೊಂದರೆಯಿಲ್ಲ. ಒಂದು ಉಕ್ಕಿನ ಸರಳನ್ನು ಸ್ಟಾಕ್ ಐಟಂ ಮಾಡಿ, 100 ಕೆಜಿಯನ್ನು ಕೆಜಿಗೆ 60 ರೂಪಾಯಿಯಂತೆ, ಇನ್ನೊಂದು 100 ಕೆಜಿಯನ್ನು ಕೆಜಿಗೆ 66 ರೂಪಾಯಿಯಂತೆ ಕೊಂಡಹಾಗೆ ನಮೂದಿಸಿ. 150 ಕೆಜಿ ಹೊರಗೆ ಹೋದಂತೆ ತೋರಿಸಿ. ಉಳಿದ 50 ಕೆಜಿ ತೂಕದ ಸರಾಸರಿಯಲ್ಲಿ 3,150 ರೂಪಾಯಿ. ಮೊದಲು ಬಂದದ್ದು ಮೊದಲು ಹೋಯಿತು ಎಂದರೆ 3,300. ಆ 150 ರೂಪಾಯಿ ಎಲ್ಲಿಂದ ಬಂತು ಎಂದು ತಡವರಿಸದೆ ಹೇಳಲು ಬಂದ ದಿನ ಟೇಬಲ್‌ನಲ್ಲಿ ಆ ‘ಇಲ್ಲ’ವನ್ನು ಹೊಡೆದು ‘ಅರೆ’ ಎಂದು ಬರೆಯಬಹುದು. ರೆಸ್ಯೂಮೆಯ ಅನುಭವದ ಭಾಗಕ್ಕೆ ಅದು ಹೋಗುವುದಿಲ್ಲ. ಸಂದರ್ಶನದಲ್ಲಿ ಕೇಳಿದಾಗ ‘ಕಾರ್ಖಾನೆಯಲ್ಲಿ ಮಾಡಿಲ್ಲ ಸರ್, ಅಭ್ಯಾಸ ಮಾಡಿ ನೋಡಿದ್ದೇನೆ’ ಎಂದು ಹೇಳಿ, ಆ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಬೇಕು.